ಕ್ಲೌಡ್ ತಂತ್ರಾಂಶ ಬಿಡುವಾಗ ಡೇಟಾ ಮರಳಿ ಪಡೆಯುವುದು ಹೇಗೆ? ಬೆಳಗಾವಿಯ ಎರಕದ ಕಾರ್ಖಾನೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಮಬಾಗ, ಮಚ್ಛೆ, ಹೊನಗಾ ಭಾಗದ ಅನೇಕ ಫೌಂಡ್ರಿಗಳು ಬಿಲ್ಲು, ದಾಸ್ತಾನು, ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಲೋಹದ ದಾಖಲೆ, ಪಗಾರ ಎಲ್ಲವನ್ನೂ ತಿಂಗಳ ಬಾಡಿಗೆಯ ಕ್ಲೌಡ್ ತಂತ್ರಾಂಶದಲ್ಲಿ ಇಟ್ಟಿವೆ. ಕೊಳ್ಳುವಾಗ ದರದ ಬಗ್ಗೆ ವಾರಗಟ್ಟಲೆ ಚೌಕಾಸಿ ನಡೆಯುತ್ತದೆ. ಬಿಡುವಾಗ ಏನಾಗಬೇಕು ಎಂಬ ಪುಟವನ್ನು ಮಾತ್ರ ಯಾರೂ ಓದಿರುವುದಿಲ್ಲ. ಈ ಪ್ರಶ್ನೋತ್ತರ ಆ ಪುಟದ ಬಗ್ಗೆ. ಉದಾಹರಣೆಗೆ ತೆಗೆದುಕೊಂಡ ಕಾರ್ಖಾನೆ ಕಲ್ಪಿತ: ಐದು ವರ್ಷ ಒಂದೇ ತಂತ್ರಾಂಶ ಬಳಸಿದೆ, ದಿನಕ್ಕೆ ಹನ್ನೆರಡು ಹೀಟ್ ಕರಗಿಸುತ್ತದೆ, ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ.

ಡೇಟಾ ನಮ್ಮದೇ ಎಂದು ಕರಾರಿನಲ್ಲಿ ಬರೆದಿದೆ. ಅಷ್ಟು ಸಾಲದೇ?

ಸಾಲದು. ಒಡೆತನದ ಸಾಲು ಬಹುತೇಕ ಎಲ್ಲ ಕರಾರುಗಳಲ್ಲೂ ಇರುತ್ತದೆ. ಅದನ್ನು ಬರೆಯಲು ಮಾರಾಟಗಾರನಿಗೆ ಏನೂ ಖರ್ಚಿಲ್ಲ. ಆ ಡೇಟಾವನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಮರಳಿಸಬೇಕು ಮತ್ತು ಅದು ಸರಿ ಇದೆ ಎಂದು ಒಪ್ಪುವವರು ಯಾರು ಎಂಬುದು ಬೇರೆಯೇ ವಿಷಯ. ಒಡೆತನ ನಿಮ್ಮದಾಗಿದ್ದರೂ ಮಾರಾಟಗಾರ ಒಂದು ರಾಶಿ ಪಿಡಿಎಫ್ ಕೊಟ್ಟು «ಮರಳಿಸಿದ್ದೇವೆ» ಎನ್ನಬಹುದು. ಕರಾರು ಅದಕ್ಕಿಂತ ಹೆಚ್ಚೇನೂ ಕೇಳಿರದಿದ್ದರೆ ನೀವು ಆಕ್ಷೇಪಿಸುವುದು ಕಷ್ಟ.

ಹಾಗಾಗಿ ಕರಾರಿನಲ್ಲಿ ಮೊದಲು ಹುಡುಕಬೇಕಾದದ್ದು ಎರಡು ಭಾಗ. ಒಂದು, ಡೇಟಾ ಮರಳಿಸುವ ಷರತ್ತು. ಇನ್ನೊಂದು, ನಿರ್ಗಮನ ನೆರವು: ಕರಾರು ಮುಗಿದ ಮೇಲೂ ನಿಗದಿತ ಅವಧಿಯವರೆಗೆ ಹಳೆಯ ಕಂಪನಿಯವರು ಸೇವೆ ಮುಂದುವರಿಸಿ, ಪ್ರಶ್ನೆಗಳಿಗೆ ಉತ್ತರಿಸಿ, ಹೊಸ ಕಂಪನಿಯ ಜೊತೆ ಸಹಕರಿಸುವ ಹೊಣೆ. ಮೊದಲನೆಯದು ಕಡತವನ್ನು ಕೊಡಿಸುತ್ತದೆ. ಆ ಕಡತದ ಅರ್ಥ ಹೇಳುವ ಮನುಷ್ಯರು ಎರಡನೆಯದರಿಂದ ಸಿಗುತ್ತಾರೆ.

ಎಲ್ಲ ರಿಪೋರ್ಟ್‌ಗಳನ್ನೂ ನಾವೇ ಎಕ್ಸೆಲ್‌ಗೆ ಇಳಿಸಿಕೊಂಡರೆ ಆಯಿತಲ್ಲ?

ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಿಪೋರ್ಟ್ ಎಂಬುದು ಡೇಟಾದ ಒಂದು ನೋಟ ಮಾತ್ರ. ಮಾರಾಟದ ರಿಪೋರ್ಟ್‌ನಲ್ಲಿ ಬಿಲ್ ಸಂಖ್ಯೆ, ಗಿರಾಕಿ, ತೂಕ, ಮೊತ್ತ ಇರುತ್ತವೆ. ಹೀಟ್ ರಿಪೋರ್ಟ್‌ನಲ್ಲಿ ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್, ಗಂಧಕ, ರಂಜಕದ ಪ್ರಮಾಣ ಇರುತ್ತದೆ. ಇವೆರಡರ ನಡುವಿನ ಕೊಂಡಿ, ಅಂದರೆ ಯಾವ ಹೀಟಿನ ಲೋಹ ಯಾವ ಎರಕಕ್ಕೆ ಹೋಯಿತು, ಆ ಎರಕ ಯಾವ ಬಿಲ್ಲಿನಲ್ಲಿ ಹೊರಟಿತು ಎಂಬುದು ಎರಡು ರಿಪೋರ್ಟ್‌ಗಳಲ್ಲೂ ಕಾಣದೆ ಒಳಗಿನ ಮೂರನೆಯ ಕೋಷ್ಟಕದಲ್ಲಿ ಇರಬಹುದು. ಮೂರು ವರ್ಷದ ನಂತರ ಪುಣೆಯ ಗಿರಾಕಿ ಬಿರುಕು ಬಿಟ್ಟ ಎರಕವೊಂದರ ಮೇಲಿನ ಹೀಟ್ ನಂಬರ್ ಕಳಿಸಿ ಪರೀಕ್ಷಾ ವರದಿ ಕೇಳಿದಾಗ ನಿಮಗೆ ಬೇಕಾಗುವುದು ಆ ಕೊಂಡಿ. ಅದಿಲ್ಲದಿದ್ದರೆ ಒಂದು ಹೀಟಿನ ದೋಷಕ್ಕೆ ಇಡೀ ತಿಂಗಳ ಮಾಲನ್ನು ವಾಪಸ್ ತೆಗೆದುಕೊಳ್ಳುವ ಸ್ಥಿತಿ ಬರಬಹುದು.

ಇನ್ನು ಎಕ್ಸೆಲ್ ಸ್ವತಃ ಮಾಡುವ ಹಾನಿ. ನಮ್ಮ ಉದಾಹರಣೆಯ ಕಾರ್ಖಾನೆ ಹೀಟ್ ನಂಬರನ್ನು ವರ್ಷ, ತಿಂಗಳ ಅಕ್ಷರ, ಕ್ರಮಸಂಖ್ಯೆ ಎಂಬ ರೀತಿಯಲ್ಲಿ ಬರೆಯುತ್ತದೆ. ಜನವರಿಗೆ A, ಫೆಬ್ರುವರಿಗೆ B, ಹೀಗೆ ಮೇ ತಿಂಗಳಿಗೆ E. 2024ರ ಮೇ ತಿಂಗಳ ಏಳನೆಯ ಹೀಟ್ `24E007`. ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಸಿಎಸ್‌ವಿ ಕಡತವನ್ನು ಮೌಸಿನಿಂದ ಎರಡು ಸಲ ಒತ್ತಿ ತೆರೆದರೆ ಎಕ್ಸೆಲ್ ಇದನ್ನು ಹತ್ತರ ಘಾತದ ಸಂಖ್ಯೆ ಎಂದು ಓದಿ `2.40E+08` ಎಂದು ತೋರಿಸಬಹುದು. ಹಾಗೆಯೇ ಉಳಿಸಿದರೆ ಕಡತದಲ್ಲೂ ಅದೇ ಕೂರುತ್ತದೆ. ಜನವರಿ, ಜೂನ್, ಡಿಸೆಂಬರ್‌ಗೆ ಏನೂ ಆಗುವುದಿಲ್ಲ. ಪ್ರತಿ ವರ್ಷದ ಮೇ ತಿಂಗಳು ಮಾತ್ರ ಹಾಳಾಗುತ್ತದೆ. ಅಲ್ಲೊಂದು ಇಲ್ಲೊಂದು ಸಾಲು ತೆರೆದು ನೋಡಿದವರ ಕಣ್ಣಿಗೆ ಇದು ಬೀಳದೇ ಇರಬಹುದು.

ಹನ್ನೆರಡು ಅಂಕಿಯ ಇ-ವೇ ಬಿಲ್ ಸಂಖ್ಯೆಯ ಗತಿಯೂ ಇಂಥದ್ದೇ. ಸೊನ್ನೆಯಿಂದ ಶುರುವಾಗುವ ಪ್ಯಾಟರ್ನ್ ಸಂಖ್ಯೆಗಳಲ್ಲಿ ಮೊದಲ ಸೊನ್ನೆ ಉದುರಿಹೋಗುತ್ತದೆ. ಹದಿನೈದು ಅಂಕಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಗಳಲ್ಲಿ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಅವನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಕನ್ನಡದಲ್ಲಿ ದಾಖಲಿಸಿದ ಕಾರ್ಮಿಕರ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಕಡತವನ್ನು ನೇರವಾಗಿ ತೆರೆಯದೆ ಎಕ್ಸೆಲ್‌ನ `Data > From Text/CSV` ಮೂಲಕ ಒಳತೆಗೆದುಕೊಳ್ಳಿ, ಅಕ್ಷರ ವಿನ್ಯಾಸಕ್ಕೆ `65001: Unicode (UTF-8)` ಆರಿಸಿ, ಸಂಖ್ಯೆಯಂತೆ ಕಂಡರೂ ಲೆಕ್ಕಕ್ಕೆ ಬಳಸದ ಎಲ್ಲ ಅಂಕಣಗಳನ್ನೂ `Text` ಎಂದು ಗುರುತಿಸಿ. ಮೂಲ ಕಡತವನ್ನು ಮುಟ್ಟದೆ ಬೇರೆ ಕಡೆ ತೆಗೆದಿಡಿ. ಇನ್ನೊಂದು ಎಚ್ಚರಿಕೆ: ಮಾರಾಟಗಾರರ ಸಿಬ್ಬಂದಿಯೇ ಕಡತವನ್ನು «ಸ್ವಚ್ಛ ಮಾಡಲು» ಎಕ್ಸೆಲ್‌ನಲ್ಲಿ ತೆರೆದು ಉಳಿಸಿ ಕಳಿಸಿರಬಹುದು. ಡೇಟಾಬೇಸ್‌ನಿಂದ ನೇರವಾಗಿ ತೆಗೆದ, ನಡುವೆ ಯಾರೂ ತೆರೆಯದ ಕಡತವೇ ಬೇಕೆಂದು ಬರವಣಿಗೆಯಲ್ಲಿ ಕೇಳಿ.

ಹಾಗಾದರೆ ಏನೇನು ಕೇಳಬೇಕು?

ಪ್ರತಿ ಕೋಷ್ಟಕವೂ ಬೇರೆ ಬೇರೆ ಸಿಎಸ್‌ವಿ ಕಡತವಾಗಿ ಅಥವಾ ಇಡೀ ಡೇಟಾಬೇಸಿನ ಎಸ್‌ಕ್ಯೂಎಲ್ ಪ್ರತಿಯಾಗಿ ಬರಬೇಕು. ಜೊತೆಗೆ ಒಂದು ವಿವರಣಾ ಪಟ್ಟಿ ಇರಬೇಕು: ಯಾವ ಅಂಕಣ ಏನು, ಯಾವುದು ಯಾವುದಕ್ಕೆ ಕೊಂಡಿ, ಸಂಕೇತಗಳ ಅರ್ಥವೇನು. `status` ಎಂಬ ಅಂಕಣದಲ್ಲಿ 1, 2, 7 ಎಂದು ಇದ್ದರೆ ಏಳು ಎಂದರೆ ರದ್ದಾದ ಬಿಲ್ಲೋ, ತಡೆಹಿಡಿದ ಬಿಲ್ಲೋ ಎಂಬುದು ಹೊಸ ಕಂಪನಿಯವರಿಗೆ ಹೇಗೆ ಗೊತ್ತಾಗಬೇಕು? ಈ ಪಟ್ಟಿಯಿಲ್ಲದೆ ಕೊಟ್ಟ ಡೇಟಾವನ್ನು ಪೂರ್ತಿ ಕೊಟ್ಟಂತೆ ಎಂದು ನಾನು ಒಪ್ಪುವುದಿಲ್ಲ.

ಸೇರಿಸಿದ ಕಡತಗಳಿಗೆ, ಅಂದರೆ ಸ್ಪೆಕ್ಟ್ರೋ ವರದಿ, ಖರೀದಿ ಆದೇಶ, ಗಿರಾಕಿಯ ನಕ್ಷೆ ಮುಂತಾದವಕ್ಕೆ, ಒಂದು ಸೂಚಿ ಬೇಕು. ತಂತ್ರಾಂಶಗಳು ಸಾಮಾನ್ಯವಾಗಿ ಇವನ್ನು ಉದ್ದನೆಯ ಯಾಂತ್ರಿಕ ಹೆಸರಿನಲ್ಲಿ ಇಟ್ಟಿರುತ್ತವೆ. ಯಾವ ಕಡತ ಯಾವ ಹೀಟಿನದು ಎಂದು ಹೇಳುವ ಸೂಚಿ ಇಲ್ಲದಿದ್ದರೆ ನಿಮ್ಮ ಕೈಗೆ ಬರುವುದು ಹದಿನೆಂಟು ಸಾವಿರ ಹೆಸರಿಲ್ಲದ ಪಿಡಿಎಫ್‌ಗಳು. ಯಾರು ಯಾವಾಗ ಯಾವ ನಮೂದನ್ನು ತಿದ್ದಿದರು ಎಂಬ ತಿದ್ದುಪಡಿ ದಾಖಲೆಯನ್ನೂ ಹೆಸರು ಹೇಳಿ ಕೇಳಿ. ಅದನ್ನು ಅನೇಕ ಮಾರಾಟಗಾರರು ತಂತ್ರಾಂಶದ ಒಳವಿಷಯ ಎಂದು ಬಿಟ್ಟುಬಿಡುತ್ತಾರೆ. ಅದು ಏಕೆ ಬೇಕು ಎಂಬುದನ್ನು ಕಾನೂನಿನ ಪ್ರಶ್ನೆಯಲ್ಲಿ ಹೇಳಿದ್ದೇನೆ.

ತಂತ್ರಾಂಶದ ಮೂಲ ಕೋಡ್, ಅವರ ರಿಪೋರ್ಟ್ ವಿನ್ಯಾಸ ನಿಮ್ಮದಲ್ಲ. ಅವನ್ನು ಕೇಳಿ ಮಾತುಕತೆ ಕೆಡಿಸಿಕೊಳ್ಳಬೇಡಿ.

ಯಾವಾಗ ಶುರು ಮಾಡಬೇಕು?

ಮೊದಲು ಕರಾರಿನಲ್ಲಿ ತಾನಾಗಿಯೇ ನವೀಕರಣವಾಗುವ ಷರತ್ತು ಇದೆಯೇ ನೋಡಿ. 90 ದಿನ ಮುಂಚೆ ಲಿಖಿತ ಸೂಚನೆ ಕೊಡದಿದ್ದರೆ ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದಿದ್ದರೆ, ಮಾರ್ಚ್ 31ಕ್ಕೆ ಮುಗಿಯುವ ಕರಾರಿಗೆ ಸೂಚನೆ ಡಿಸೆಂಬರ್ 31ರೊಳಗೆ ತಲುಪಿರಬೇಕು. ಯಾವ ಇಮೇಲ್‌ಗೆ, ಅಥವಾ ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಬೇಕೇ ಎಂಬುದನ್ನೂ ಕರಾರು ಹೇಳಿರುತ್ತದೆ. ವ್ಯವಸ್ಥಾಪಕರಿಗೆ ವಾಟ್ಸಾಪ್‌ನಲ್ಲಿ ಹೇಳಿದ್ದನ್ನು ಸೂಚನೆ ಎಂದು ನಂಬಿ ಕೂರಬೇಡಿ.

ಪರೀಕ್ಷೆಗಾಗಿ ಒಂದು ಪೂರ್ತಿ ಪ್ರತಿಯನ್ನು ನವೆಂಬರ್‌ನಲ್ಲೇ, ಸೂಚನೆ ಕೊಡುವ ಮೊದಲೇ ಕೇಳಿ ಎಂಬುದು ನನ್ನ ಸಲಹೆ. ಬ್ಯಾಕಪ್ ಸರಿಯಿದೆಯೇ ನೋಡಬೇಕು ಎಂದು ಹೇಳಿದರೆ ಅದು ಸತ್ಯವೇ. ಗಿರಾಕಿ ಉಳಿಯುತ್ತಾನೆ ಎಂಬ ನಂಬಿಕೆ ಇರುವಾಗ ಸಿಗುವ ಸಹಕಾರ ಸೂಚನೆ ತಲುಪಿದ ಮೇಲೆ ಅಷ್ಟೇ ಸಿಗುವುದಿಲ್ಲ. ಆ ಪ್ರತಿಯನ್ನು ಜನವರಿಯೊಳಗೆ ಹೊಸ ತಂತ್ರಾಂಶಕ್ಕೆ ತುಂಬಿ ನೋಡಿ. ದೋಷಗಳೆಲ್ಲ ಆಗಲೇ ಹೊರಬೀಳಬೇಕು.

ಅಂತಿಮ ಬದಲಾವಣೆಗೆ ಏಪ್ರಿಲ್ 1 ಅನುಕೂಲದ ದಿನ, ಏಕೆಂದರೆ ಹೊಸ ಆರ್ಥಿಕ ವರ್ಷಕ್ಕೆ ಬಿಲ್ ಸಂಖ್ಯೆಗಳ ಹೊಸ ಸರಣಿಯನ್ನು ಹೇಗೂ ಆರಂಭಿಸುತ್ತೀರಿ. ಮಾರ್ಚ್ 31ರ ರಾತ್ರಿ ಹಳೆಯದರಲ್ಲಿ ಬಿಲ್ ಮಾಡುವುದನ್ನು ನಿಲ್ಲಿಸಿ ಅಂತಿಮ ಪ್ರತಿ ತೆಗೆಸಿ. ಆದರೆ ಲೆಕ್ಕಪತ್ರದ ಕೆಲಸ ಅಂದಿಗೆ ಮುಗಿಯುವುದಿಲ್ಲ. ನಿಮ್ಮ ಸಿಎ ಹೊಂದಾಣಿಕೆ ನಮೂದುಗಳನ್ನು ಮೇ, ಜೂನ್‌ವರೆಗೂ ಹೇಳುತ್ತಿರುತ್ತಾರೆ. ಆದ್ದರಿಂದ ಆ ನಮೂದುಗಳು ಎಲ್ಲಿ ಹೋಗಬೇಕು ಎಂದು ಮೊದಲೇ ಅವರೊಂದಿಗೆ ನಿರ್ಧರಿಸಿ, ಹಳೆಯ ತಂತ್ರಾಂಶವನ್ನು ಓದಲು ಮಾತ್ರ ತೆರೆದಿಡುವ ಅನುಮತಿಯನ್ನು ಆಡಿಟ್ ಮುಗಿಯುವವರೆಗೆ ಪಡೆಯಿರಿ. ಇಬ್ಬರು ಬಳಕೆದಾರರಿಗೆ ಅನುಮತಿ ಸಿಕ್ಕರೆ ಸಾಕು, ಅದರ ಬಾಡಿಗೆಯೂ ಪೂರ್ತಿ ಇರಬೇಕಾಗಿಲ್ಲ.

ಬಂದ ಡೇಟಾ ಪೂರ್ತಿ ಇದೆ ಎಂದು ತಿಳಿಯುವುದು ಹೇಗೆ?

ಕಡತ ತಲುಪಿದ ಕೂಡಲೇ ಅದು ದಾರಿಯಲ್ಲಿ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಡತದ ಒಳವಿಷಯದಿಂದ ಲೆಕ್ಕಹಾಕಿದ SHA256 ಗುರುತುಸಂಖ್ಯೆಯನ್ನು ಮಾರಾಟಗಾರ ತಮ್ಮ ಕಡೆಯಿಂದ ಕೊಡಲಿ, ನೀವು ವಿಂಡೋಸ್ ಕಂಪ್ಯೂಟರಿನಲ್ಲಿ ಈ ಆಜ್ಞೆ ಕೊಟ್ಟು ಅದೇ ಬರುತ್ತದೆಯೇ ನೋಡಿ:

```
certutil -hashfile backup.zip SHA256
```

ಎರಡೂ ಒಂದೇ ಆಗಿದ್ದರೆ ಅವರು ಕಳಿಸಿದ್ದೇ ನಿಮಗೆ ತಲುಪಿದೆ ಎಂದರ್ಥ. ಅವರು ಕಳಿಸಿದ್ದು ಪೂರ್ತಿಯೇ ಎಂಬುದು ಇದರಿಂದ ತಿಳಿಯುವುದಿಲ್ಲ.

ಅನಂತರ ಎಣಿಕೆ. ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಹೀಟ್, ತಿಂಗಳಿಗೆ 25 ಕೆಲಸದ ದಿನ, ಅಂದರೆ 300. ಐದು ವರ್ಷಕ್ಕೆ 18,000. ಬಂದ ಹೀಟ್ ಕೋಷ್ಟಕದಲ್ಲಿ 18,000 ಸಾಲುಗಳಿವೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದೆ, ಕರಗಿಸಿದ ಒಟ್ಟು ತೂಕವೂ ಸರಿಯಿದೆ. ಬಹಳ ಕಡೆ ಪರಿಶೀಲನೆ ಇಲ್ಲಿಗೇ ನಿಂತು, ಸ್ವೀಕಾರ ಪತ್ರಕ್ಕೆ ಸಹಿ ಬೀಳುತ್ತದೆ.

ಆದರೆ ಕೊಂಡಿಗಳನ್ನು ಇನ್ನೂ ನೋಡಿಲ್ಲ. ಎರಕದ ಕೋಷ್ಟಕದಲ್ಲಿರುವ ಪ್ರತಿ ಹೀಟ್ ನಂಬರೂ ಹೀಟ್ ಕೋಷ್ಟಕದಲ್ಲಿ ಸಿಗಬೇಕು. ಡೇಟಾಬೇಸ್ ಬಲ್ಲವರಿಗೆ ಇದು ನಾಲ್ಕು ಸಾಲಿನ ಕೆಲಸ:

```
SELECT COUNT(DISTINCT c.heat_no)
FROM castings c
LEFT JOIN heats h ON c.heat_no = h.heat_no
WHERE h.heat_no IS NULL;
```

ಉತ್ತರ ಸೊನ್ನೆ ಬರಬೇಕು. ನಮ್ಮ ಕಾರ್ಖಾನೆಯಲ್ಲಿ 1,500 ಬಂತು ಎಂದುಕೊಳ್ಳಿ. ಇಂಥ ಗುಂಡಾದ ಸಂಖ್ಯೆ ಬಂದಾಗ ಅಲ್ಲೇ ನಿಂತು ಯೋಚಿಸಬೇಕು. ತಿಂಗಳಿಗೆ 300 ಹೀಟ್ ಇದ್ದರೆ 1,500 ಎಂದರೆ ಐದು ತಿಂಗಳು. ಐದು ವರ್ಷದಲ್ಲಿ ಐದು ಸಲ ಬಂದದ್ದು ಮೇ. ಎರಕದ ಕೋಷ್ಟಕದಲ್ಲಿ `24E007` ಇದೆ, ಹೀಟ್ ಕೋಷ್ಟಕದಲ್ಲಿ `2.40E+08` ಇದೆ. ಸಾಲು ಒಂದೂ ಕಡಿಮೆಯಾಗಿಲ್ಲ, ತೂಕ ಒಂದು ಕಿಲೋ ತಪ್ಪಿಲ್ಲ. ಆದರೂ ಐದು ಮೇ ತಿಂಗಳುಗಳ ಪರೀಕ್ಷಾ ವರದಿಗಳು ತಮ್ಮ ಎರಕಗಳಿಂದ ಬೇರ್ಪಟ್ಟಿವೆ. ಹಳೆಯ ತಂತ್ರಾಂಶ ಇನ್ನೂ ತೆರೆದಿದ್ದರೆ ಕಡತವನ್ನು ಮತ್ತೊಮ್ಮೆ ತೆಗೆಸಿದರೆ ಮುಗಿಯಿತು. ಮುಚ್ಚಿಹೋಗಿದ್ದರೆ ಕೈಯಲ್ಲೇ ಜೋಡಿಸಬೇಕು.

ಕೊನೆಯದಾಗಿ, ಮಾರಾಟಗಾರರ ಹಿಡಿತದಲ್ಲಿಲ್ಲದ ಯಾವುದಾದರೂ ದಾಖಲೆಯೊಂದಿಗೆ ಹೋಲಿಸಿ. ಅವರ ತೆರೆಯ ಮೇಲಿನ ಮೊತ್ತವನ್ನು ಅವರೇ ಕೊಟ್ಟ ಕಡತದೊಂದಿಗೆ ಹೋಲಿಸಿದರೆ ಎರಡರಲ್ಲೂ ಒಂದೇ ದೋಷ ಇರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಸಲ್ಲಿಸಿದ ಜಿಎಸ್‌ಟಿಆರ್-1ರ ತಿಂಗಳವಾರು ಬಿಲ್ ಸಂಖ್ಯೆ ಮತ್ತು ತೆರಿಗೆ ಮೌಲ್ಯ ಅದಕ್ಕೆ ಒಳ್ಳೆಯ ಆಧಾರ. ಹೀಟ್‌ಗಳಿಗೆ ಕುಲುಮೆಯ ಬಳಿ ಬರೆದಿಟ್ಟ ಲಾಗ್ ಪುಸ್ತಕವೇ ಆಧಾರ. ಬೇರೆ ಬೇರೆ ತಿಂಗಳುಗಳಿಂದ ಕೆಲವು ಪುಟ ತೆಗೆದು, ಲೋಹದ ರಾಸಾಯನಿಕ ಪ್ರಮಾಣದವರೆಗೂ ತಾಳೆ ನೋಡಿ. ಈ ಕೆಲಸವನ್ನು ಕಂಪ್ಯೂಟರ್ ವಿಭಾಗಕ್ಕೆ ಬಿಡದೆ ಗುಣಮಟ್ಟ ವಿಭಾಗದವರಿಂದ ಮಾಡಿಸಿ. ತಪ್ಪು ಅಂಕಿ ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಡೇಟಾ ಕೊಡಲು ಹಣ ಕೇಳುತ್ತಿದ್ದಾರೆ. ಕೊಡಬೇಕೇ?

ಯಾವುದಕ್ಕೆ ಕೇಳುತ್ತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಇದ್ದ ಡೇಟಾವನ್ನು ಇದ್ದ ಹಾಗೆ ಒಂದು ಪರೀಕ್ಷಾ ಪ್ರತಿ, ಒಂದು ಅಂತಿಮ ಪ್ರತಿಯಾಗಿ ಕೊಡುವುದು ಬಾಡಿಗೆಯಲ್ಲೇ ಸೇರಿರಬೇಕು. ಹೊಸ ತಂತ್ರಾಂಶದ ಅಚ್ಚಿಗೆ ಹೊಂದಿಸಿ ಕೊಡುವುದು, ಹೊಸ ಕಂಪನಿಯ ಎಂಜಿನಿಯರ್ ಜೊತೆ ಕೂತು ವಿವರಿಸುವುದು ನಿಜವಾದ ಶ್ರಮ. ಅದಕ್ಕೆ ಕೊಡುವುದು ನ್ಯಾಯ. ಆದರೆ ದಿನಗೂಲಿಯ ದರ ಮತ್ತು ಮೇಲ್ಮಿತಿ ಕರಾರಿಗೆ ಸಹಿ ಮಾಡುವ ದಿನವೇ ನಿಗದಿಯಾಗಿರಬೇಕು. «ಆಗಿನ ದರದಂತೆ» ಎಂಬ ಮಾತು ಕರಾರಿನಲ್ಲಿದ್ದರೆ, ನೀವು ಬಿಡಲು ಹೊರಟ ದಿನ ಅವರು ಹೇಳಿದ್ದೇ ದರ ಎಂದು ಓದಿಕೊಳ್ಳಿ.

ಬಿಲ್ಲಿನ ತಕರಾರು ಇದೆ. ಬಾಕಿ ತೀರಿಸುವವರೆಗೆ ಡೇಟಾ ಕೊಡುವುದಿಲ್ಲ ಎನ್ನುತ್ತಾರೆ.

ತಕರಾರಿಲ್ಲದ ಮೊತ್ತವನ್ನು ಕೂಡಲೇ ಪಾವತಿಸಿ, ಉಳಿದದ್ದಕ್ಕೆ ಏಕೆ ಆಕ್ಷೇಪವಿದೆ ಎಂದು ಬರೆದು ಕಳಿಸಿ. ಆಗ «ಇವರು ಹಣವನ್ನೇ ಕೊಟ್ಟಿಲ್ಲ» ಎಂಬ ವಾದಕ್ಕೆ ಬಲವಿರುವುದಿಲ್ಲ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೆ, 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯ 9ನೇ ಕಲಮಿನಡಿ ಡೇಟಾ ಅಳಿಸದಂತೆ ಮಧ್ಯಂತರ ರಕ್ಷಣೆಯನ್ನು ನ್ಯಾಯಾಲಯದಿಂದ ಕೇಳಬಹುದು. ಯಾವ ಊರಿನ ನ್ಯಾಯಾಲಯ ಎಂಬುದು ಕರಾರಿನಲ್ಲಿ ಬರೆದ ಸ್ಥಳವನ್ನು ಅವಲಂಬಿಸುತ್ತದೆ. ಸಹಿ ಮಾಡುವಾಗ ಆ ಸಾಲಿನಲ್ಲಿ ದೂರದ ಮಹಾನಗರದ ಹೆಸರಿದ್ದರೆ ಬೆಳಗಾವಿಗೆ ಬದಲಿಸಲು ಕೇಳಿ. ಸಣ್ಣ ಮಾರಾಟಗಾರರು ಹಲವು ಬಾರಿ ಒಪ್ಪುತ್ತಾರೆ.

ಇದಕ್ಕಿಂತ ಅಗ್ಗದ ರಕ್ಷಣೆ ಎಂದರೆ ಪ್ರತಿ ತಿಂಗಳೂ ಪೂರ್ತಿ ಪ್ರತಿಯೊಂದು ನಿಮ್ಮ ಕಚೇರಿಯ ಡಿಸ್ಕಿಗೆ ಬರುವ ವ್ಯವಸ್ಥೆ. ಅದಿದ್ದರೆ ಮಾರಾಟಗಾರರು ತಡೆಹಿಡಿಯಬಹುದಾದದ್ದು ಕೆಲವು ವಾರಗಳ ಡೇಟಾ ಮಾತ್ರ. ಮಾರಾಟಗಾರನ ಕಂಪನಿಯೇ ಮುಚ್ಚಿಹೋದಾಗಲೂ ಕೈ ಹಿಡಿಯುವುದು ಇದೊಂದೇ.

ಹಳೆಯ ಕಂಪನಿ ನಮ್ಮ ಡೇಟಾವನ್ನು ಯಾವಾಗ ಅಳಿಸಬೇಕು?

ಕರಾರು ಮುಗಿದ 30 ದಿನಕ್ಕೆ ಅಳಿಸುತ್ತೇವೆ ಎಂಬ ಸಾಲು ಸಾಮಾನ್ಯ. ನಮ್ಮ ಉದಾಹರಣೆಗೆ ಅದು ಏಪ್ರಿಲ್ 30. ಮೇ ತಿಂಗಳ ಹೀಟ್‌ಗಳ ದೋಷ ಜೂನ್‌ನಲ್ಲಿ ಆಡಿಟ್ ವೇಳೆ ಕಂಡರೆ ಹಿಂತಿರುಗಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ದಿನಗಳ ಎಣಿಕೆ ನೀವು ಲಿಖಿತವಾಗಿ ಸ್ವೀಕರಿಸಿದ ದಿನದಿಂದ ಶುರುವಾಗಬೇಕು. ಈ ಒಂದು ಬದಲಾವಣೆ ಸಿಕ್ಕರೂ ಮಾತುಕತೆ ಸಾರ್ಥಕ.

ಸ್ವೀಕಾರದ ನಂತರ ಮಾತ್ರ ಅಳಿಸುವಿಕೆಯನ್ನು ಬಿಡದೆ ಬೆನ್ನುಹತ್ತಿ. ಪಗಾರ ವಿಭಾಗದಲ್ಲಿ ನಿಮ್ಮ ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆ, ಮನೆಯವರ ವಿವರ ಎಲ್ಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಇಂಥ ಮಾಹಿತಿಯನ್ನು ನಿಮಗಾಗಿ ಸಂಸ್ಕರಿಸುವವರ ಬಳಿಯಿಂದಲೂ ಅಳಿಸುವಂತೆ ಮಾಡುವ ಹೊಣೆಯನ್ನು ನಿಮ್ಮ ಮೇಲೆ ಹೊರಿಸುತ್ತದೆ. ಕಾಯ್ದೆಯ ಈ ಭಾಗ 2027ರ ಮೇ ತಿಂಗಳಿಂದ ಜಾರಿ. ಕಾನೂನು ಇಟ್ಟುಕೊಳ್ಳಲು ಹೇಳಿದ ದಾಖಲೆಗಳಿಗೆ ವಿನಾಯಿತಿ ಇದೆ. ಅಳಿಸಿದ ಪ್ರಮಾಣಪತ್ರದಲ್ಲಿ ಮುಖ್ಯ ಡೇಟಾಬೇಸ್, ಸೇರಿಸಿದ ಕಡತಗಳು, ಪರೀಕ್ಷಾ ಸರ್ವರ್, ಉಪಗುತ್ತಿಗೆದಾರರ ಬಳಿಯ ಪ್ರತಿ ಎಂದು ಬಿಡಿಬಿಡಿಯಾಗಿ ಬರೆಸಿ. ಬ್ಯಾಕಪ್‌ಗಳು ಒಂದೇ ದಿನದಲ್ಲಿ ಹೋಗುವುದಿಲ್ಲ, ಅವುಗಳ ಸರದಿ ಮುಗಿದಾಗ ಹೋಗುತ್ತವೆ. ಆ ಕೊನೆಯ ದಿನಾಂಕವನ್ನು ನಮೂದಿಸಲು ಕೇಳಿ.

ಕಾನೂನಿನ ಪ್ರಕಾರ ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಖಾಸಗಿ ನಿಯಮಿತ ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕ ಮತ್ತು ವೋಚರ್‌ಗಳನ್ನು ಎಂಟು ಆರ್ಥಿಕ ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. ಪಾಲುದಾರಿಕೆ ಸಂಸ್ಥೆಗಳಿಗೂ ಇದು ಅನ್ವಯ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು, ಅದನ್ನು ಉಳಿಸಿಕೊಂಡಿದ್ದೀರಾ ಎಂದು ಆಡಿಟರ್ ವರದಿ ಮಾಡಬೇಕು. ತಂತ್ರಾಂಶ ಬದಲಿಸಿದ್ದರಿಂದ ಹಳೆಯ ದಾಖಲೆ ಹೋಯಿತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಅದಕ್ಕಾಗಿಯೇ ತಿದ್ದುಪಡಿ ದಾಖಲೆಯನ್ನು ಹೆಸರು ಹೇಳಿ ಕೇಳಲು ಹೇಳಿದ್ದು.

ಡೇಟಾ ಅಲ್ಲದೆ ಇನ್ನೇನು ಮರೆಯುತ್ತೇವೆ?

ಮಾರಾಟಗಾರರ ಹೆಸರಿನಲ್ಲಿ ನೋಂದಣಿಯಾದ ನಿಮ್ಮ ವಸ್ತುಗಳು. ವೆಬ್ ವಿಳಾಸ ಅವರ ಖಾತೆಯಲ್ಲಿರಬಹುದು. ಗಿರಾಕಿಗಳಿಗೆ ಹೋಗುವ ಎಸ್‌ಎಂಎಸ್‌ನ ಕಳುಹಿಸುವವರ ಹೆಸರು ದೂರಸಂಪರ್ಕದ ಡಿಎಲ್‌ಟಿ ವ್ಯವಸ್ಥೆಯಲ್ಲಿ ಅವರ ಹೆಸರಿಗೆ ಇರಬಹುದು. ಹಾಗೆಯೇ ಇ-ಇನ್‌ವಾಯ್ಸ್, ಇ-ವೇ ಬಿಲ್ ಪೋರ್ಟಲ್‌ಗಳಲ್ಲಿ ಅವರಿಗೆ ಕೊಟ್ಟ ಪ್ರವೇಶವನ್ನು ರದ್ದುಪಡಿಸಿ ಗುಪ್ತಪದ ಬದಲಿಸಿ. ಸ್ಪೆಕ್ಟ್ರೋಮೀಟರ್ ಮತ್ತು ತೂಕದ ಸೇತುವೆಯ ಕಂಪ್ಯೂಟರಿನಲ್ಲಿ ಅವರು ಹಾಕಿದ ಸಣ್ಣ ಸಂಪರ್ಕ ತಂತ್ರಾಂಶ ಏಪ್ರಿಲ್ 1ರ ಬೆಳಿಗ್ಗೆ ಯಾರಿಗೆ ಡೇಟಾ ಕಳಿಸುತ್ತಿದೆ ಎಂದೂ ನೋಡಿ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆಯಂತೆ?

ಇದೆ. ಅಲ್ಲಿನ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. ಬಿಡುವ ಸೂಚನಾ ಅವಧಿ ಎರಡು ತಿಂಗಳು ಮೀರುವಂತಿಲ್ಲ, ಬದಲಾವಣೆಯ ಅವಧಿ ಮುಗಿದ ಮೇಲೂ ಡೇಟಾ ಪಡೆಯಲು ಕನಿಷ್ಠ 30 ದಿನ ಕೊಡಬೇಕು, 2027ರ ಜನವರಿ 12ರಿಂದ ಬದಲಾವಣೆಗೆ ಶುಲ್ಕವನ್ನೇ ವಿಧಿಸುವಂತಿಲ್ಲ. ಬೆಳಗಾವಿಯ ಗಿರಾಕಿ ಇದನ್ನು ಹಕ್ಕಾಗಿ ಕೇಳಲು ಬರುವುದಿಲ್ಲ. ಆದರೆ ನಿಮ್ಮ ಮಾರಾಟಗಾರ ಯುರೋಪಿನಲ್ಲೂ ವ್ಯಾಪಾರ ಮಾಡುತ್ತಿದ್ದರೆ ಅವರ ಬಳಿ ಈ ಷರತ್ತುಗಳ ಕರಡು ಸಿದ್ಧವಿರುತ್ತದೆ. ಅದನ್ನೇ ಕೇಳಿ.

ಈಗಾಗಲೇ ಸಹಿ ಮಾಡಿದ್ದೇವೆ, ಇಂಥ ಒಂದು ಸಾಲೂ ಇಲ್ಲ. ಏನು ಮಾಡುವುದು?

ನವೀಕರಣದ ಹೊತ್ತಿನಲ್ಲಿ ಪೂರಕ ಕರಾರು ಕೇಳಿ. ಆ ದಿನ ನಿಮ್ಮ ಮಾತಿಗೆ ತೂಕವಿರುತ್ತದೆ. ವಕೀಲರಿಗೆ ಈ ತಿರುಳು ಕೊಟ್ಟರೆ ಸಾಕು, ಭಾಷೆಯನ್ನು ಅವರು ನೋಡಿಕೊಳ್ಳುತ್ತಾರೆ:

> ಕರಾರು ಯಾವ ಕಾರಣದಿಂದ ಮುಗಿದರೂ, ಗ್ರಾಹಕರ ಎಲ್ಲ ಡೇಟಾ, ಸೇರಿಸಿದ ಕಡತಗಳು, ಅವುಗಳ ಸೂಚಿ, ತಿದ್ದುಪಡಿ ದಾಖಲೆ ಮತ್ತು ವಿವರಣಾ ಪಟ್ಟಿಯನ್ನು ಕೋಷ್ಟಕಗಳ ನಡುವಿನ ಕೊಂಡಿ ಕೆಡದಂತೆ 15 ದಿನದೊಳಗೆ ಶುಲ್ಕವಿಲ್ಲದೆ ಒದಗಿಸಬೇಕು. ಗ್ರಾಹಕರು 45 ದಿನದೊಳಗೆ ಪರಿಶೀಲಿಸಿ ದೋಷ ತಿಳಿಸಿದರೆ ಸರಿಪಡಿಸಿ ಮತ್ತೆ ಒದಗಿಸಬೇಕು. ಲಿಖಿತ ಸ್ವೀಕಾರಕ್ಕೆ ಮುನ್ನ ಏನನ್ನೂ ಅಳಿಸಬಾರದು. ಪಾವತಿಯ ತಕರಾರು ಇದೆ ಎಂಬ ಕಾರಣಕ್ಕೆ ಡೇಟಾ ತಡೆಹಿಡಿಯಬಾರದು. ಗ್ರಾಹಕರು ಕೇಳಿದರೆ ಗರಿಷ್ಠ 90 ದಿನ ಹಳೆಯ ದರದಲ್ಲೇ, ತಿಂಗಳ ಲೆಕ್ಕದಲ್ಲಿ ಸೇವೆ ಮುಂದುವರಿಸಬೇಕು. ಕರಾರು ಜಾರಿಯಲ್ಲಿರುವಾಗ ತಿಂಗಳಿಗೊಮ್ಮೆ ಗ್ರಾಹಕರಿಗೆ ಪೂರ್ತಿ ಪ್ರತಿ ಕೊಡಬೇಕು.

ಎಲ್ಲಕ್ಕೂ ಒಪ್ಪದಿದ್ದರೆ, ಸ್ವೀಕಾರಕ್ಕೆ ಮುನ್ನ ಅಳಿಸಬಾರದು ಎಂಬ ಸಾಲನ್ನೂ ತಿಂಗಳಿಗೊಮ್ಮೆ ಪೂರ್ತಿ ಪ್ರತಿ ಕೊಡಬೇಕು ಎಂಬ ಸಾಲನ್ನೂ ಉಳಿಸಿಕೊಳ್ಳಿ, ಉಳಿದವುಗಳಲ್ಲಿ ರಾಜಿಯಾಗಬಹುದು. ಪೂರಕ ಕರಾರಿಗೇ ಒಪ್ಪದಿದ್ದರೆ ಈ ವಾರವೇ ಒಂದು ಪೂರ್ತಿ ಪ್ರತಿ ಕೇಳಿ, ಮೇಲಿನ ಕೊಂಡಿ ಪರೀಕ್ಷೆಯನ್ನು ಅದರ ಮೇಲೆ ಮಾಡಿಸಿ.